ಹಳೆಯ ಕೇಸು ಮುಗಿದು ಹೋಗಿದೆ, ಈಗ ಅಟೆಸ್ಟೇಷನ್ ಫಾರ್ಮಿನಲ್ಲಿ ಏನಂತ ಬರೆಯಬೇಕು?

ಕಾಲೇಜಿನಲ್ಲಿದ್ದಾಗ ನಡೆದ ಒಂದು ಜಗಳ. ಠಾಣೆಯವರೆಗೆ ಹೋಯಿತು, ಕೋರ್ಟಿನಲ್ಲಿ ರಾಜಿಯಾಯಿತು, ಎಲ್ಲರೂ ಮರೆತರು. ಎಷ್ಟೋ ವರ್ಷದ ಮೇಲೆ ಸರ್ಕಾರಿ ಕೆಲಸಕ್ಕೆ ಆಯ್ಕೆಯಾಗುತ್ತದೆ. ಆಗ ಹಿನ್ನೆಲೆ ಪರಿಶೀಲನೆಗೆಂದು ಕೈಗೆ ಬರುವ ಅಟೆಸ್ಟೇಷನ್ ಫಾರ್ಮಿನಲ್ಲಿ ಒಂದು ಪ್ರಶ್ನೆ: "ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ?" ಹೆಚ್ಚಿನವರ ಪೆನ್ನು ನಿಲ್ಲುವುದು ಇಲ್ಲಿಯೇ. ಪಕ್ಕದಲ್ಲಿದ್ದವರು "ಕೇಸು ಮುಗಿದಿದೆಯಲ್ಲ, ಇಲ್ಲ ಅಂತ ಹಾಕು" ಎನ್ನುತ್ತಾರೆ. ಆ ಸಲಹೆಯಿಂದಲೇ ಜಾಸ್ತಿ ಜನ ಕೆಲಸ ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಅಭಿಪ್ರಾಯ. ಹಳೆಯ ಕೇಸಿಗಿಂತ ಅದನ್ನು ಮುಚ್ಚಿಟ್ಟದ್ದೇ ಮುಳುವಾಗುವುದು ಹೆಚ್ಚು.

ಈ ಬರಹ ಭಾರತದ ಸರ್ಕಾರಿ ನೇಮಕಾತಿಯ ಅಟೆಸ್ಟೇಷನ್ ಫಾರ್ಮಿನ ಬಗ್ಗೆ. ಪಾಸ್‌ಪೋರ್ಟ್, ವೀಸಾ ಅರ್ಜಿಗಳಲ್ಲೂ ಇಂಥ ಪ್ರಶ್ನೆಗಳಿವೆ, ಆದರೆ ಅಲ್ಲಿ ಕೇಳುವ ರೀತಿ ಬೇರೆ. ಆ ವ್ಯತ್ಯಾಸ ಏಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಪ್ರಶ್ನೆಯನ್ನು ಒಂದೊಂದಾಗಿ ಓದಿ

ಕೇಂದ್ರ ಸರ್ಕಾರದ ಅಟೆಸ್ಟೇಷನ್ ಫಾರ್ಮಿನಲ್ಲಿ ಒಂದೇ ಪ್ರಶ್ನೆ ಇಲ್ಲ, ಪ್ರಶ್ನೆಗಳ ಸಾಲೇ ಇದೆ. ಎಂದಾದರೂ ಬಂಧನವಾಗಿತ್ತೇ? ಎಂದಾದರೂ ನಿಮ್ಮ ಮೇಲೆ ಕೋರ್ಟಿನಲ್ಲಿ ಕೇಸು ನಡೆದಿತ್ತೇ? ನಿಮ್ಮನ್ನು ಸ್ಥಾನಬದ್ಧತೆಯಲ್ಲಿ, ಅಂದರೆ ಡಿಟೆನ್ಷನ್ನಿನಲ್ಲಿ, ಇಡಲಾಗಿತ್ತೇ? ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತೇ? ಕೋರ್ಟು ದಂಡ ಹಾಕಿತ್ತೇ? ಶಿಕ್ಷೆಯಾಗಿತ್ತೇ? ಈಗ ಯಾವುದಾದರೂ ಕೇಸು ಬಾಕಿ ಇದೆಯೇ? ಇವುಗಳ ಜೊತೆ ಪರೀಕ್ಷೆಯಿಂದ ಡಿಬಾರ್ ಆಗಿದ್ದು, ವಿಶ್ವವಿದ್ಯಾಲಯ ಹೊರಹಾಕಿದ್ದು ಕೂಡ ಬರುತ್ತದೆ. ರಾಜ್ಯ ಸರ್ಕಾರ, ಬ್ಯಾಂಕು, ನಿಗಮಗಳ ಫಾರ್ಮುಗಳಲ್ಲಿ ಮಾತುಗಳು ಅಷ್ಟಿಷ್ಟು ಬದಲಾಗುತ್ತವೆ.

ಈ ಸಾಲಿನಲ್ಲಿ "ಎಂದಾದರೂ" ಎಂದು ಶುರುವಾಗುವ ಪ್ರಶ್ನೆಗಳು ಒಂದು ಜಾತಿ, "ಈಗ ಬಾಕಿ ಇದೆಯೇ" ಎನ್ನುವುದು ಇನ್ನೊಂದು ಜಾತಿ. ಕೇಸು ಖುಲಾಸೆಯಾಗಿದ್ದರೆ ಎರಡನೆಯದಕ್ಕೆ "ಇಲ್ಲ" ಎನ್ನುವುದು ಸರಿ. ಮೊದಲನೆಯದಕ್ಕೆ ಅಲ್ಲ. ಬಂಧನವಾಗಿದ್ದು ನಿಜ, ಆಮೇಲೆ ಖುಲಾಸೆಯಾಗಿದ್ದೂ ನಿಜ. ಎರಡನೆಯ ಸತ್ಯ ಮೊದಲನೆಯದನ್ನು ಅಳಿಸುವುದಿಲ್ಲ.

ಇದನ್ನು ಸುಪ್ರೀಂ ಕೋರ್ಟ್ 2003ರಲ್ಲೇ ಸ್ಪಷ್ಟಪಡಿಸಿದೆ. ಕೇಂದ್ರೀಯ ವಿದ್ಯಾಲಯದಲ್ಲಿ ದೈಹಿಕ ಶಿಕ್ಷಕರಾಗಿ ಸೇರಿದ್ದ ಒಬ್ಬರು ಅಟೆಸ್ಟೇಷನ್ ಫಾರ್ಮಿನಲ್ಲಿ ಕೇಸು ಇಲ್ಲ ಎಂದು ಬರೆದಿದ್ದರು. ಕೇಸು ಸಣ್ಣದೇ. ಹೊಡೆದದ್ದು, ಅಡ್ಡಗಟ್ಟಿದ್ದು, ಬೆದರಿಕೆ ಹಾಕಿದ್ದು, ಇಂಥವು. ನಂತರ ಸರ್ಕಾರವೇ ಆ ಕೇಸನ್ನು ವಾಪಸ್ ಪಡೆಯಿತು. "ನಾನು ಹಿಂದಿ ಮಾಧ್ಯಮದವನು, ಇಂಗ್ಲಿಷ್ ಫಾರ್ಮಿನ ಪದಗಳು ನನಗೆ ಅರ್ಥವಾಗಲಿಲ್ಲ" ಎಂದು ಅವರು ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಕೇಸು ಆಮೇಲೆ ಬಿದ್ದುಹೋಯಿತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಫಾರ್ಮು ತುಂಬಿದ ದಿನ ಏನಿತ್ತು, ಏನನ್ನು ಮುಚ್ಚಿಟ್ಟಿರಿ ಎಂಬುದಷ್ಟೇ ಪ್ರಶ್ನೆ ಎಂದಿತು. ಕೆಲಸ ಹೋಯಿತು.

ಹಾಗಾಗಿ ಮೊದಲ ಕೆಲಸ ಇಷ್ಟೇ. ಫಾರ್ಮಿನ ಒಂದು ಜೆರಾಕ್ಸ್ ಮಾಡಿಸಿಕೊಳ್ಳಿ. ಪ್ರತಿ ಪ್ರಶ್ನೆಯ ಪಕ್ಕ ಅದು ಏನನ್ನು ಕೇಳುತ್ತಿದೆ ಎಂದು ಪೆನ್ಸಿಲ್ಲಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಬಂಧನ ಬೇರೆ, ಕೋರ್ಟಿನ ಕೇಸು ಬೇರೆ, ದಂಡ ಬೇರೆ, ಶಿಕ್ಷೆ ಬೇರೆ. ಅರ್ಥ ಗೊತ್ತಿಲ್ಲದ ಪದ ಒಂದೇ ಒಂದು ಉಳಿದರೂ ಅಸಲಿ ಫಾರ್ಮಿಗೆ ಪೆನ್ನು ತಾಗಿಸಬೇಡಿ.

ನಿಮ್ಮ ಕೇಸು ಎಲ್ಲಿಯವರೆಗೆ ಹೋಗಿತ್ತು?

"ಕೇಸು ಬಿದ್ದುಹೋಯಿತು" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಕೇಸು ಯಾವ ಹಂತದಲ್ಲಿ ಬಿತ್ತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಯಾರೋ ಠಾಣೆಗೆ ಅರ್ಜಿ ಕೊಟ್ಟರು, ಇಬ್ಬರನ್ನೂ ಕರೆದು ಬುದ್ಧಿ ಹೇಳಿ ಕಳಿಸಿದರು, ದೂರುದಾರರಿಗೆ ಹಿಂಬರಹ ಕೊಟ್ಟರು. ಇಲ್ಲಿ ಎಫ್‌ಐಆರ್ ಆಗಿಲ್ಲ, ಬಂಧನವಿಲ್ಲ, ಕೋರ್ಟಿನ ಕೇಸೂ ಇಲ್ಲ. ಮೇಲಿನ ಪ್ರಶ್ನೆಗಳಿಗೆ ಉತ್ತರ "ಇಲ್ಲ". ಆದರೆ ಆವತ್ತು ಮುಚ್ಚಳಿಕೆ ಬರೆಸಿಕೊಂಡರೇ ಎಂದು ನೆನಪು ಮಾಡಿಕೊಳ್ಳಿ. ಠಾಣೆಯಲ್ಲಿ ಬಿಳಿ ಹಾಳೆಯ ಮೇಲೆ "ಇನ್ನು ಮುಂದೆ ಜಗಳ ಮಾಡುವುದಿಲ್ಲ" ಎಂದು ಬರೆಸಿಕೊಳ್ಳುವುದು ಒಂದು. ಶಾಂತಿ ಕಾಪಾಡುವಂತೆ ತಹಸೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಬಾಂಡ್ ಬರೆಸಿಕೊಳ್ಳುವುದು ಇನ್ನೊಂದು. ಫಾರ್ಮು ಕೇಳುವುದು ಎರಡನೆಯದನ್ನು. ಹಳೆಯ ಸಿಆರ್‌ಪಿಸಿಯ 107ನೇ ಸೆಕ್ಷನ್ ಎಂದು ಜನರ ಬಾಯಲ್ಲಿರುವುದು ಇದೇ.

ಎಫ್‌ಐಆರ್ ಆಯಿತು, ತನಿಖೆ ಮಾಡಿ ಪೊಲೀಸರು ಕೇಸು ಮುಂದುವರಿಸುವ ಅಗತ್ಯವಿಲ್ಲ ಎಂಬ ಬಿ ರಿಪೋರ್ಟ್ ಹಾಕಿದರು, ಕೋರ್ಟು ಒಪ್ಪಿಕೊಂಡಿತು. ನಡುವೆ ಬಂಧನವಾಗಿರಲಿಲ್ಲ ಎಂದರೆ "ಬಂಧನ"ಕ್ಕೂ ಇಲ್ಲ, "ಕೋರ್ಟಿನಲ್ಲಿ ಕೇಸು ನಡೆದಿತ್ತೇ" ಎಂಬುದಕ್ಕೂ ಇಲ್ಲ. ಚಾರ್ಜ್‌ಶೀಟೇ ಆಗಿಲ್ಲ ತಾನೇ. ಆದರೆ ಒಂದು ದಿನವಾದರೂ ಬಂಧಿಸಿದ್ದರೆ, ಬಂಧನದ ಪ್ರಶ್ನೆಗೆ ಉತ್ತರ "ಹೌದು". ಸ್ಟೇಷನ್ ಬೇಲ್ ಮೇಲೆ ಒಂದು ಗಂಟೆಯಲ್ಲಿ ಬಿಟ್ಟಿದ್ದರೂ ಅದು ಬಂಧನವೇ. "ಜೈಲಿಗೆ ಹೋಗಲಿಲ್ಲವಲ್ಲ" ಎಂದು ಇದನ್ನು ತಳ್ಳಿಹಾಕುವವರು ಬಹಳ. ನೋಟಿಸ್ ಕೊಟ್ಟು ವಿಚಾರಣೆಗೆ ಕರೆದು, ಹೇಳಿಕೆ ಪಡೆದು ಕಳಿಸಿದ್ದರೆ ಅದು ಬಂಧನ ಅಲ್ಲ. ಯಾವುದು ಎಂದು ಗೊತ್ತಿಲ್ಲದಿದ್ದರೆ ಊಹೆ ಮಾಡಬೇಡಿ. ಚಾರ್ಜ್‌ಶೀಟ್ ಆಗಿದ್ದರೆ ಬಂಧನದ ದಿನಾಂಕ ಅದರಲ್ಲೇ ಇರುತ್ತದೆ.

ಚಾರ್ಜ್‌ಶೀಟ್ ಹಾಕಿ, ಕೋರ್ಟಿನಿಂದ ಸಮನ್ಸ್ ಬಂದು, ನೀವು ಹಾಜರಾಗಿದ್ದರೆ ಕೇಸು ನಡೆದಿತ್ತು ಎಂದೇ ಅರ್ಥ. ಆಮೇಲೆ ರಾಜಿಯಾಗಿರಲಿ, ಸಾಕ್ಷಿ ಇಲ್ಲದೆ ಖುಲಾಸೆಯಾಗಿರಲಿ, ಸರ್ಕಾರ ಕೇಸು ವಾಪಸ್ ಪಡೆದಿರಲಿ, ಹೈಕೋರ್ಟು ರದ್ದು ಮಾಡಿರಲಿ, "ಎಂದಾದರೂ ಕೇಸು ನಡೆದಿತ್ತೇ" ಎಂಬುದಕ್ಕೆ ಉತ್ತರ "ಹೌದು". ಹೇಗೆ ಮುಗಿಯಿತು ಎಂಬುದನ್ನು ವಿವರದ ಜಾಗದಲ್ಲಿ ಬರೆಯುತ್ತೀರಿ.

ದಂಡದ ವಿಷಯದಲ್ಲಿ ಜನ ಜಾಸ್ತಿ ಎಡವುತ್ತಾರೆ. ಟ್ರಾಫಿಕ್ ಪೊಲೀಸರಿಗೆ ರಸ್ತೆಯಲ್ಲೇ ಕಟ್ಟಿದ ಹೆಲ್ಮೆಟ್ ದಂಡ ಕೋರ್ಟಿನ ದಂಡವಲ್ಲ. ಆದರೆ ಕುಡಿದು ಗಾಡಿ ಓಡಿಸಿದ ಕೇಸು ಹಾಗಲ್ಲ. ಅದನ್ನು ರಸ್ತೆಯಲ್ಲಿ ಮುಗಿಸಲು ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ, ಕೋರ್ಟಿಗೇ ಹೋಗಬೇಕು. ಅಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದಿದ್ದರೆ ಕೋರ್ಟು ನಿಮ್ಮನ್ನು ತಪ್ಪಿತಸ್ಥ ಎಂದು ಹೇಳಿದೆ ಎಂದರ್ಥ. ಆಗ ದಂಡದ ಪ್ರಶ್ನೆಗೂ "ಹೌದು", ಶಿಕ್ಷೆಯ ಪ್ರಶ್ನೆಗೂ "ಹೌದು". ಇಸ್ಪೀಟು, ಸಾರ್ವಜನಿಕ ಜಾಗದಲ್ಲಿ ಗಲಾಟೆ ಎಂಬಂಥ ಸಣ್ಣ ಕೇಸುಗಳಲ್ಲಿ "ಒಪ್ಕೊಂಡು ದಂಡ ಕಟ್ಟಿಬಿಡಿ, ಇವತ್ತೇ ಮುಗಿಯುತ್ತೆ" ಎಂದು ಯಾರೋ ಹೇಳಿರುತ್ತಾರೆ. ಮುಗಿಯುವುದು ನಿಜ, ಆದರೆ ದಾಖಲೆಯಲ್ಲಿ ಅದು ಶಿಕ್ಷೆಯಾಗಿಯೇ ಉಳಿಯುತ್ತದೆ.

ತಪ್ಪಿತಸ್ಥ ಎಂದು ಹೇಳಿ, ಶಿಕ್ಷೆ ಕೊಡದೆ ಒಳ್ಳೆಯ ನಡತೆಯ ಮೇಲೆ ಬಿಟ್ಟಿದ್ದರೂ ಅದನ್ನು ಹೇಳಬೇಕು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಬಿಟ್ಟವರಿಗೆ, ತಪ್ಪಿತಸ್ಥ ಎಂಬ ಆ ತೀರ್ಪಿನಿಂದ ಅನರ್ಹತೆ ಅಂಟಿಕೊಳ್ಳುವುದಿಲ್ಲ ಎಂದು ಆ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಆದರೆ ಅನರ್ಹತೆ ಇಲ್ಲ ಎಂಬುದಕ್ಕೂ ಕೇಸೇ ಇರಲಿಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. 2021ರಲ್ಲಿ ರಾಜಸ್ಥಾನದ ವಿದ್ಯುತ್ ಪ್ರಸರಣ ನಿಗಮದ ಒಂದು ಪ್ರಕರಣದಲ್ಲಿ ಹೀಗೆ ಬಿಡುಗಡೆಯಾದವರೊಬ್ಬರು ತಪ್ಪಿತಸ್ಥ ಎಂದು ತೀರ್ಪಾದ ವಿಷಯ ಮುಚ್ಚಿಟ್ಟಿದ್ದರು. ಅವರನ್ನು ಕೆಲಸದಿಂದ ತೆಗೆದದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಹದಿನೆಂಟು ತುಂಬುವ ಮೊದಲಿನ ಘಟನೆಯಾದರೆ ಲೆಕ್ಕವೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮಗುವಾಗಿದ್ದಾಗಿನ ತೀರ್ಮಾನದಿಂದ ಮುಂದೆ ಅನರ್ಹತೆ ಬರಬಾರದು, ದಾಖಲೆಗಳನ್ನೂ ನಿಗದಿತ ಕಾಲದ ನಂತರ ನಾಶ ಮಾಡಬೇಕು. ಹದಿನಾರು ದಾಟಿ, ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆ ಎದುರಿಸಿದವರಿಗೆ ಈ ರಕ್ಷಣೆ ಇಲ್ಲ. ಇಂಥ ಕೇಸಿದ್ದವರು ಫಾರ್ಮು ತುಂಬುವ ಮೊದಲು ವಕೀಲರ ಹತ್ತಿರ ಒಂದು ಮಾತು ಕೇಳಲೇಬೇಕು.

ಕಾಗದ ಕೈಗೆ ಬರುವ ತನಕ ಬರೆಯಬೇಡಿ

ನೆನಪಿನಿಂದ ಬರೆದ ವಿವರ ಪೊಲೀಸ್ ವೆರಿಫಿಕೇಶನ್ ವರದಿಯ ಜೊತೆ ಹೊಂದುವುದಿಲ್ಲ. ಸೆಕ್ಷನ್ ತಪ್ಪಿರುತ್ತದೆ, ವರ್ಷ ತಪ್ಪಿರುತ್ತದೆ. ನೀವು ಪ್ರಾಮಾಣಿಕವಾಗಿಯೇ ಬರೆದಿದ್ದರೂ ನೋಡುವವರಿಗೆ ಅದು ಅರ್ಧ ಸತ್ಯದ ಹಾಗೆ ಕಾಣುತ್ತದೆ.

ಮೊದಲು `services.ecourts.gov.in` ತೆರೆಯಿರಿ. ಕೇಸಿನ ಸ್ಥಿತಿ ನೋಡುವ ಜಾಗದಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿಕೊಳ್ಳಿ. ಎಫ್‌ಐಆರ್ ಸಂಖ್ಯೆ ಗೊತ್ತಿದ್ದರೆ `FIR Number` ಮೂಲಕ ಹುಡುಕುವುದು ಸಲೀಸು. ಗೊತ್ತಿಲ್ಲದಿದ್ದರೆ `Party Name` ಇದೆ. ಇಲ್ಲಿ ಒಂದು ತೊಡಕು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬ ಗುಮಾಸ್ತರು ಒಂದೊಂದು ಥರ ಬರೆದಿರುತ್ತಾರೆ. ಇನಿಷಿಯಲ್ ಬಿಟ್ಟು, ಅಕ್ಷರ ಬದಲಿಸಿ, ಕೇಸಿನಲ್ಲಿ ಜೊತೆಗಿದ್ದ ಬೇರೆ ಆರೋಪಿಯ ಹೆಸರು ಹಾಕಿಯೂ ಹುಡುಕಿ. ಮುಗಿದ ಕೇಸು ಬೇಕಿರುವುದರಿಂದ `Pending` ಬದಲು `Disposed` ಆರಿಸಲು ಮರೆಯಬೇಡಿ. ಸಿಕ್ಕರೆ ಸಿಎನ್‌ಆರ್ ಎಂಬ ಹದಿನಾರು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಈ ಹುಡುಕಾಟಕ್ಕೆ ಇನ್ನೊಂದು ಉಪಯೋಗವೂ ಇದೆ. ಮುಗಿದಿದೆ ಎಂದುಕೊಂಡ ಕೇಸು ಮುಗಿದೇ ಇರುವುದಿಲ್ಲ. ಠಾಣೆಯಲ್ಲಿ ರಾಜಿ ಮಾಡಿಕೊಂಡು ಕೈಕುಲುಕಿದ್ದನ್ನೇ ಕೇಸು ಮುಗಿದದ್ದು ಎಂದು ಭಾವಿಸಿರುತ್ತಾರೆ. ಆ ಕಡೆ ಚಾರ್ಜ್‌ಶೀಟ್ ಆಗಿ, ಸಮನ್ಸ್ ಹಳೆಯ ವಿಳಾಸಕ್ಕೆ ಹೋಗಿ, ವಾರಂಟ್ ಹೊರಟಿರುತ್ತದೆ. ಹಾಗೇನಾದರೂ ಕಂಡರೆ ಫಾರ್ಮು ಪಕ್ಕಕ್ಕಿಡಿ, ಮೊದಲು ವಕೀಲರನ್ನು ಹಿಡಿದು ಕೋರ್ಟಿಗೆ ಹಾಜರಾಗಿ. ಆಮೇಲೆ "ಬಾಕಿ ಇದೆ" ಎಂದೇ ಬರೆಯಿರಿ.

ಕೇಸಿನ ಸಂಖ್ಯೆ ಸಿಕ್ಕ ಮೇಲೆ ಆ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ಸರ್ಟಿಫೈಡ್ ಕಾಪಿ ಪಡೆಯಿರಿ. ಬೇಕಾದದ್ದು ಮೂರು: ಎಫ್‌ಐಆರ್, ಚಾರ್ಜ್‌ಶೀಟ್, ಕೊನೆಯ ತೀರ್ಪು ಅಥವಾ ಆದೇಶ. ರಾಜಿಯಾಗಿದ್ದರೆ ಆ ದಿನದ ಆರ್ಡರ್ ಶೀಟನ್ನೂ ಕೇಳಿ. ತುಂಬಾ ಹಳೆಯ ಕಡತ ನಾಶವಾಗಿದ್ದರೆ ಹಾಗೆಂದು ಕೋರ್ಟಿನಿಂದಲೇ ಹಿಂಬರಹ ಪಡೆದುಕೊಳ್ಳಿ. ಕಾಗದ ಸಿಗಲಿಲ್ಲ ಎಂಬುದಕ್ಕೆ ಅದೇ ಕಾಗದ. ನಕಲು ಬರಲು ಸಮಯ ಹಿಡಿಯುತ್ತದೆ, ಹಾಗಾಗಿ ಆಯ್ಕೆ ಪಟ್ಟಿ ಬರುವ ತನಕ ಕಾಯದೆ ಪರೀಕ್ಷೆ ಬರೆದ ಕೂಡಲೇ ಅರ್ಜಿ ಹಾಕುವುದು ಒಳ್ಳೆಯದು.

ಸೆಕ್ಷನ್ ಬಗ್ಗೆ ಒಂದು ಮಾತು. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಿಮ್ಮ ಹಳೆಯ ಕೇಸಿನ ಸೆಕ್ಷನ್‌ಗಳನ್ನು ಹೊಸ ಸಂಖ್ಯೆಗೆ ಬದಲಾಯಿಸಲು ಹೋಗಬೇಡಿ. ಚಾರ್ಜ್‌ಶೀಟಿನಲ್ಲಿ ಐಪಿಸಿ 323 ಎಂದಿದ್ದರೆ ಫಾರ್ಮಿನಲ್ಲೂ ಐಪಿಸಿ 323 ಎಂದೇ ಇರಲಿ.

ಒಂದು ಕೇಸನ್ನು ಇಟ್ಟುಕೊಂಡು ಬರೆಯೋಣ

ಉದಾಹರಣೆಗೆ ಒಬ್ಬ ಅಭ್ಯರ್ಥಿ ಎಂದುಕೊಳ್ಳಿ. 2017ರಲ್ಲಿ ಅವನಿಗೆ ಇಪ್ಪತ್ತು ವರ್ಷ, ಪದವಿ ಓದುತ್ತಿದ್ದ. ಗಾಡಿ ನಿಲ್ಲಿಸುವ ವಿಷಯಕ್ಕೆ ಜಗಳವಾಗಿ ಎದುರಿನವರು ದೂರು ಕೊಟ್ಟರು. ಅವನೂ ಇಬ್ಬರು ಗೆಳೆಯರೂ ಆರೋಪಿಗಳು. ಐಪಿಸಿ 341, 323, 504, 506 ಮತ್ತು 34. ಅಂದರೆ ಅಡ್ಡಗಟ್ಟಿದ್ದು, ಹೊಡೆದದ್ದು, ಕೆಣಕುವಂತೆ ಬೈದದ್ದು, ಬೆದರಿಕೆ, ಎಲ್ಲರೂ ಸೇರಿ ಮಾಡಿದ್ದು. ಸಂಜೆ ಬಂಧಿಸಿ ಅವತ್ತೇ ಸ್ಟೇಷನ್ ಬೇಲ್ ಮೇಲೆ ಬಿಟ್ಟರು. ಚಾರ್ಜ್‌ಶೀಟ್ ಆಯಿತು. 2019ರಲ್ಲಿ ಕೋರ್ಟಿನಲ್ಲಿ ರಾಜಿಯಾಗಿ, ಸಿಆರ್‌ಪಿಸಿ 320(8)ರ ಪ್ರಕಾರ ಮೂವರೂ ಖುಲಾಸೆಯಾದರು.

ಈಗ ಪ್ರಶ್ನೆಗಳ ಮುಂದೆ ಈ ಕೇಸನ್ನು ಇಡಿ. ಬಂಧನ? ಹೌದು, ಕೆಲವೇ ಗಂಟೆಯಾದರೂ. ಕೋರ್ಟಿನಲ್ಲಿ ಕೇಸು? ಹೌದು. ಸ್ಥಾನಬದ್ಧತೆ? ಇಲ್ಲ. ಮುಚ್ಚಳಿಕೆ? ಇಲ್ಲ, ಏಕೆಂದರೆ ಜಾಮೀನಿಗೆ ಸಹಿ ಮಾಡಿದ ಬಾಂಡ್ ಶಾಂತಿ ಕಾಪಾಡುವ ಮುಚ್ಚಳಿಕೆಯಲ್ಲ. ದಂಡ? ಇಲ್ಲ. ಶಿಕ್ಷೆ? ಇಲ್ಲ, ರಾಜಿಯ ಪರಿಣಾಮ ಖುಲಾಸೆ ಎಂದು ಕಾನೂನೇ ಹೇಳುತ್ತದೆ. ಬಾಕಿ ಕೇಸು? ಇಲ್ಲ.

ಎರಡು "ಹೌದು", ಉಳಿದವು "ಇಲ್ಲ". ಹೆದರಿ ಎಲ್ಲದಕ್ಕೂ "ಹೌದು" ಎಂದು ಹಾಕುವವರೂ ಇದ್ದಾರೆ. ಶಿಕ್ಷೆಯಾಗದೇ ಶಿಕ್ಷೆಯಾಗಿದೆ ಎನ್ನುವುದೂ ತಪ್ಪು ಮಾಹಿತಿಯೇ. ಗೆರೆ ಎಳೆಯುವುದು, ಖಾಲಿ ಬಿಡುವುದು, "ಅನ್ವಯಿಸುವುದಿಲ್ಲ" ಎನ್ನುವುದು ಕೂಡ ಬೇಡ. ಖಾಲಿ ಬಿಟ್ಟ ಕಾಲಂ ನಾಳೆ ಮುಚ್ಚಿಟ್ಟದ್ದಕ್ಕೆ ಸಾಕ್ಷಿಯಾಗುತ್ತದೆ.

ವಿವರದ ಜಾಗದಲ್ಲಿ ಅವನು ಹೀಗೆ ಬರೆಯಬಹುದು:

> ________ ಪೊಲೀಸ್ ಠಾಣೆಯ ಅಪರಾಧ ಸಂಖ್ಯೆ ___/2017ರಲ್ಲಿ ಐಪಿಸಿ ಕಲಂ 341, 323, 504, 506 ಸಹಿತ 34ರ ಅಡಿ ನಾನು 2ನೇ ಆರೋಪಿಯಾಗಿದ್ದೆ. ದಿನಾಂಕ __/__/2017ರಂದು ನನ್ನನ್ನು ಬಂಧಿಸಿ ಅದೇ ದಿನ ಠಾಣಾ ಜಾಮೀನಿನ ಮೇಲೆ ಬಿಡುಗಡೆ ಮಾಡಲಾಯಿತು. ದೋಷಾರೋಪಣಾ ಪಟ್ಟಿ ಸಲ್ಲಿಕೆಯಾಗಿ ________ ನ್ಯಾಯಾಲಯದಲ್ಲಿ ಸಿ.ಸಿ. ಸಂಖ್ಯೆ ___/2017 ಆಗಿ ವಿಚಾರಣೆಗೆ ಬಂತು. ಉಭಯ ಪಕ್ಷಗಳ ರಾಜಿಯ ಮೇರೆಗೆ ದಿನಾಂಕ __/__/2019ರ ಆದೇಶದಂತೆ ಸಿಆರ್‌ಪಿಸಿ ಕಲಂ 320(8)ರ ಅಡಿ ನನ್ನನ್ನು ಖುಲಾಸೆಗೊಳಿಸಲಾಗಿದೆ. ದಂಡ ಅಥವಾ ಶಿಕ್ಷೆ ವಿಧಿಸಿಲ್ಲ. ಮೇಲ್ಮನವಿ ಇಲ್ಲ. ಇದನ್ನು ಬಿಟ್ಟು ನನ್ನ ಮೇಲೆ ಬೇರೆ ಯಾವುದೇ ಪ್ರಕರಣ ಇರಲಿಲ್ಲ, ಈಗಲೂ ಇಲ್ಲ. ಎಫ್‌ಐಆರ್, ದೋಷಾರೋಪಣಾ ಪಟ್ಟಿ ಹಾಗೂ ಆದೇಶದ ದೃಢೀಕೃತ ನಕಲುಗಳನ್ನು ಲಗತ್ತಿಸಿದ್ದೇನೆ.

ಇದರಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. "ಸುಳ್ಳು ಕೇಸು ಹಾಕಿದ್ದರು" ಎಂದಿಲ್ಲ. ಜಗಳದಲ್ಲಿ ತಪ್ಪು ಯಾರದ್ದು ಎಂಬ ಕಥೆ ಇಲ್ಲ. ದೂರುದಾರರ ಬಗ್ಗೆ ದೂರಿಲ್ಲ. ಸಣ್ಣ ಕೇಸು, ಕ್ಷುಲ್ಲಕ ಕೇಸು ಎಂಬ ಸ್ವಂತ ತೀರ್ಪೂ ಇಲ್ಲ. ಸೆಕ್ಷನ್ ನೋಡಿದವರಿಗೆ ಕೇಸು ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ರಾಜಿ ಎಂಬ ಪದ ಬಿಟ್ಟು ಬರೀ "ಖುಲಾಸೆ" ಎಂದು ಬರೆಯುವ ಆಸೆ ಬರುತ್ತದೆ. ಬೇಡ. ಆದೇಶದ ನಕಲು ಜೊತೆಗೇ ಇರುತ್ತದೆ, ಒಂದು ಸಾಲು ಓದಿದರೆ ಗೊತ್ತಾಗುವ ವಿಷಯವನ್ನು ಮರೆಸಿ ಉಳಿದ ಸಾಲುಗಳ ಮೇಲೂ ಅನುಮಾನ ತರಿಸಿಕೊಳ್ಳುವುದು ಯಾಕೆ?

ಜಾಗ ಸಾಲದಿದ್ದರೆ ಕಾಲಂನಲ್ಲಿ "ವಿವರ ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದೆ" ಎಂದು ಬರೆದು, ಆ ಹಾಳೆಯ ಮೇಲೆ ನಿಮ್ಮ ಹೆಸರು, ನೋಂದಣಿ ಸಂಖ್ಯೆ, ಸಹಿ, ದಿನಾಂಕ ಹಾಕಿ. ಆನ್‌ಲೈನ್ ಅರ್ಜಿಯಲ್ಲಿ ಅಕ್ಷರದ ಮಿತಿ ಇದ್ದರೆ ಠಾಣೆ, ಅಪರಾಧ ಸಂಖ್ಯೆ, ಸಿ.ಸಿ. ಸಂಖ್ಯೆ, ಸೆಕ್ಷನ್, ಆದೇಶದ ದಿನಾಂಕ, ಫಲಿತಾಂಶ, ಇಷ್ಟಂತೂ ಇರಲಿ. ಸೈಬರ್ ಸೆಂಟರಿನಲ್ಲಿ ತುಂಬಿಸುವವರಾದರೆ ಈ ಪುಟವನ್ನು ನೀವೇ ಕೂತು ತುಂಬಿ. ಅಲ್ಲಿ ಕೆಲಸ ಮಾಡುವವರಿಗೆ ಎಲ್ಲ ಅರ್ಜಿಯಲ್ಲೂ "ಇಲ್ಲ" ಒತ್ತಿ ರೂಢಿಯಾಗಿರುತ್ತದೆ. "ಅವರು ಒತ್ತಿದ್ದು" ಎಂದು ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ, ಕೆಳಗೆ ಘೋಷಣೆ ಮಾಡಿದವರು ನೀವು. ಪೂರ್ತಿ ಫಾರ್ಮಿನ ಒಂದು ಪ್ರತಿಯನ್ನೂ ಇಟ್ಟುಕೊಳ್ಳಿ. ಅರ್ಜಿ, ಅಟೆಸ್ಟೇಷನ್ ಫಾರ್ಮ್, ಸೇರುವಾಗಿನ ಸ್ವಯಂ ಘೋಷಣೆ, ಮೂರರಲ್ಲೂ ಒಂದೇ ವಿವರ ಇರಬೇಕು.

ಕೇಳದ್ದನ್ನೂ ಹೇಳಬೇಕೇ?

ಇಲ್ಲಿ 2016ರ ಜುಲೈ 21ರ ತೀರ್ಪೊಂದು ನೆರವಿಗೆ ಬರುತ್ತದೆ. ಅವತಾರ್ ಸಿಂಗ್ ಮತ್ತು ಭಾರತ ಸರ್ಕಾರದ ನಡುವಿನ ಪ್ರಕರಣ. ಅಲ್ಲಿಯವರೆಗೆ ಬೇರೆ ಬೇರೆ ಪೀಠಗಳು ಬೇರೆ ಬೇರೆ ಮಾತು ಹೇಳಿದ್ದವು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಎಲ್ಲವನ್ನೂ ಒಟ್ಟಿಗೆ ನೋಡಿ ನಿಯಮಗಳನ್ನು ಕೊಟ್ಟಿತು. ವಕೀಲರ ಹತ್ತಿರ ಹೋದರೆ ಈ ಹೆಸರು ಬಂದೇ ಬರುತ್ತದೆ.

ಅದರಲ್ಲಿ ಒಂದು ನಿಯಮ ಹೀಗಿದೆ. ಫಾರ್ಮು ಗೋಲುಮಾಲಾಗಿ ಕೇಳಬಾರದು, ಸ್ಪಷ್ಟವಾಗಿ ಕೇಳಬೇಕು. ಕೇಳದ ವಿಷಯವನ್ನು ಹೇಳಲಿಲ್ಲ ಎಂದು "ಮುಚ್ಚಿಟ್ಟೆ" ಎಂಬ ಕಾರಣಕ್ಕೆ ಕ್ರಮ ಕೈಗೊಳ್ಳುವಂತಿಲ್ಲ. ಹಾಗಂತ ಬೇರೆ ದಾರಿಯಲ್ಲಿ ಆ ವಿಷಯ ಗೊತ್ತಾದರೆ ನಿಮ್ಮ ಯೋಗ್ಯತೆಯನ್ನು ಅಳೆಯುವಾಗ ಅದನ್ನು ಪರಿಗಣಿಸಬಹುದು. ಇನ್ನೊಂದು ನಿಯಮ: ಗೊತ್ತಿಲ್ಲದ ಕೇಸನ್ನು ಮುಚ್ಚಿಟ್ಟೆ ಎನ್ನಲಾಗದು, ಮುಚ್ಚಿಟ್ಟ ಎನ್ನಬೇಕಾದರೆ ಗೊತ್ತಿತ್ತು ಎಂದಿರಬೇಕು.

ಹಾಗಾದರೆ ಎಫ್‌ಐಆರ್ ಆಗಿ, ಬಂಧನವಾಗದೆ, ಬಿ ರಿಪೋರ್ಟಿನಲ್ಲಿ ಮುಗಿದ ಕೇಸು? ಎಫ್‌ಐಆರ್ ಬಗ್ಗೆ ಕೇಳದ ಫಾರ್ಮಿನಲ್ಲಿ ಎಲ್ಲಕ್ಕೂ "ಇಲ್ಲ" ಎಂದರೆ ಅದು ಸುಳ್ಳಲ್ಲ. ಆದರೂ ಪೊಲೀಸ್, ಅರೆಸೇನಾ ಪಡೆಯಂಥ ಹುದ್ದೆಗಾದರೆ ನಾನು ವಿವರದ ಜಾಗದಲ್ಲಿ ಎರಡು ಸಾಲು ಬರೆದು ಬಿ ರಿಪೋರ್ಟಿನ ನಕಲು ಲಗತ್ತಿಸಿ ಎನ್ನುತ್ತೇನೆ. ವೆರಿಫಿಕೇಶನ್ನಿನಲ್ಲಿ ಅದು ಹೇಗೂ ಕಾಣುತ್ತದೆ. ನೀವು ಹೇಳಿದ್ದು ಮೊದಲು ಕಂಡರೆ ಒಳ್ಳೆಯದು. ಗುಮಾಸ್ತೆ ಹುದ್ದೆಗೆ ಅಷ್ಟು ಬೇಕಿಲ್ಲ ಎನ್ನುವ ವಕೀಲರೂ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ.

ಬೇರೆ ಅರ್ಜಿಗಳ ಮಾತು ಬಂದದ್ದು ಇದಕ್ಕೇ. ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಕೋರ್ಟಿನಲ್ಲಿ ಬಾಕಿ ಇರುವ ಕೇಸಿಗೆ ಮಹತ್ವ ಕೊಡುತ್ತದೆ. ಅಮೆರಿಕದ ವೀಸಾ ಅರ್ಜಿ ಹಾಗಲ್ಲ, ಕ್ಷಮಾದಾನ ಸಿಕ್ಕಿದ್ದರೂ ಎಂದಾದರೂ ಬಂಧನ ಅಥವಾ ಶಿಕ್ಷೆಯಾಗಿತ್ತೇ ಎಂದು ಕೇಳುತ್ತದೆ. ನಮ್ಮ ಉದಾಹರಣೆಯ ಹುಡುಗ ಬಾಕಿ ಕೇಸಿನ ಪ್ರಶ್ನೆಗೆ "ಇಲ್ಲ" ಎನ್ನಬೇಕು, ಬಂಧನದ ಪ್ರಶ್ನೆಗೆ "ಹೌದು" ಎನ್ನಬೇಕು. ಒಂದು ಅರ್ಜಿಯ ಉತ್ತರವನ್ನು ಇನ್ನೊಂದಕ್ಕೆ ನಕಲು ಮಾಡುವ ಹಾಗೇ ಇಲ್ಲ.

ನಿಜ ಹೇಳಿದರೆ ಕೆಲಸ ಸಿಗುತ್ತದೆಯೇ?

ಖಾತ್ರಿ ಇಲ್ಲ. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಮುಗಿದ ಕೇಸನ್ನು ನಿಜವಾಗಿ ಹೇಳಿಕೊಂಡರೂ ನೇಮಕ ಮಾಡುವವರು ಹಿನ್ನೆಲೆ ನೋಡಿ ತೀರ್ಮಾನಿಸಬಹುದು, ತೆಗೆದುಕೊಳ್ಳಲೇಬೇಕು ಎಂದು ಅವರನ್ನು ಒತ್ತಾಯಿಸಲಾಗದು ಎಂದು 2016ರ ತೀರ್ಪೇ ಹೇಳುತ್ತದೆ. 2018ರಲ್ಲಿ ಮಧ್ಯಪ್ರದೇಶದ ಪೊಲೀಸ್ ನೇಮಕಾತಿಯ ಒಂದು ಪ್ರಕರಣ ಬಂತು. ಅಭ್ಯರ್ಥಿ ಕೇಸನ್ನು ಹೇಳಿಕೊಂಡಿದ್ದರು, ಅದು ರಾಜಿಯಲ್ಲಿ ಮುಗಿದಿತ್ತು. ಆದರೂ ಇಲಾಖೆ ಬೇಡ ಎಂದದ್ದನ್ನು ಸುಪ್ರೀಂ ಕೋರ್ಟ್ ಒಪ್ಪಿತು. ರಾಜಿಯಿಂದಲೋ ಸಂಶಯದ ಲಾಭದಿಂದಲೋ ಆದ ಖುಲಾಸೆಯನ್ನು, ಆರೋಪವೇ ಸುಳ್ಳು ಎಂದು ಕೋರ್ಟು ಹೇಳಿದ ಖುಲಾಸೆಯ ಸಮಕ್ಕೆ ಇಲಾಖೆಗಳು ನೋಡುವುದಿಲ್ಲ. ಸಮವಸ್ತ್ರದ ಹುದ್ದೆಗಳಲ್ಲಿ ಈ ಬಿಗಿ ಜಾಸ್ತಿ.

ಆದರೂ ಹೇಳಿದವರ ಕೈಯಲ್ಲಿ ವಾದಿಸಲು ಏನಾದರೂ ಇರುತ್ತದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಕೇಸನ್ನು ಮುಚ್ಚಿಟ್ಟಿದ್ದರೂ ನೇಮಕ ಮಾಡುವವರು ಅದನ್ನು ಮನ್ನಿಸಬಹುದು ಎಂದು 2016ರ ತೀರ್ಪು ಹೇಳುತ್ತದೆ. ಬಾಕಿ ಇರುವ ಸಣ್ಣ ಕೇಸನ್ನು ಹೇಳಿಕೊಂಡವರನ್ನು, ಕೇಸಿನ ಫಲಿತಾಂಶಕ್ಕೆ ಒಳಪಟ್ಟು ನೇಮಿಸಬಹುದು ಎಂದೂ ಹೇಳುತ್ತದೆ. ಮುಚ್ಚಿಟ್ಟವರು ಮನ್ನಿಸಿ ಎಂದು ಬೇಡಬೇಕು. ಹೇಳಿದವರು ಕೇಸಿನ ಸ್ವರೂಪ, ಆಗಿನ ವಯಸ್ಸು, ಹುದ್ದೆಯ ಕೆಲಸ, ಇವನ್ನು ಮುಂದಿಟ್ಟು ಮಾತಾಡಬಹುದು.

ಕೊಟ್ಟ ಮೇಲೆ

ಫಾರ್ಮು ಕೊಟ್ಟಲ್ಲಿಗೆ ಮುಗಿಯುವುದಿಲ್ಲ. ಅದರ ತಲೆಯ ಮೇಲೆಯೇ ಅಚ್ಚಾಗಿರುವ ಎಚ್ಚರಿಕೆಯಲ್ಲಿ ಇನ್ನೊಂದು ಷರತ್ತಿದೆ. ಕೊಟ್ಟ ನಂತರ ಬಂಧನ, ಶಿಕ್ಷೆ ಇತ್ಯಾದಿ ಏನಾದರೂ ಆದರೆ ಕೂಡಲೇ ತಿಳಿಸಬೇಕು, ಇಲ್ಲದಿದ್ದರೆ ಅದೂ ಮುಚ್ಚಿಟ್ಟಂತೆಯೇ.

ಈಗಾಗಲೇ "ಇಲ್ಲ" ಎಂದು ಕೊಟ್ಟುಬಿಟ್ಟಿದ್ದರೆ? ವೆರಿಫಿಕೇಶನ್ ವರದಿ ಬರುವ ಮೊದಲೇ ತಿದ್ದುಪಡಿ ಪತ್ರ ಕೊಡಿ. ಯಾವ ಕಾಲಂ, ಏನು ಬರೆದಿದ್ದಿರಿ, ಸರಿಯಾದ ಉತ್ತರ ಏನು, ಯಾಕೆ ಹಾಗಾಯಿತು, ಜೊತೆಗೆ ನಕಲುಗಳು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಇಮೇಲ್ ವಿಳಾಸ ಇದ್ದರೆ ಅಲ್ಲಿಗೂ ಕಳಿಸಿ. ಇದರಿಂದ ಬಚಾವಾಗುತ್ತೀರಿ ಎಂದು ಯಾರೂ ಭರವಸೆ ಕೊಡಲಾರರು. ಆದರೆ ತಾನಾಗಿ ತಿದ್ದಿದವನಿಗೂ ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡವನಿಗೂ ಬಹಳ ವ್ಯತ್ಯಾಸವಿದೆ. ಯಾಕೆ ಹಾಗಾಯಿತು ಎಂಬಲ್ಲಿ ಹೊಸ ಸುಳ್ಳು ಸೇರಿಸಬೇಡಿ. ಕೇಸು ಮುಗಿದಿದ್ದರಿಂದ ಬೇಕಿಲ್ಲ ಎಂದುಕೊಂಡಿದ್ದೆ ಎಂಬುದು ನಿಜವಾದರೆ ಹಾಗೆಯೇ ಬರೆಯಿರಿ.

ಶೋಕಾಸ್ ನೋಟಿಸ್ ಬಂದರೆ ಮೊದಲು ಅದರಲ್ಲಿ ಕೊಟ್ಟ ಕೊನೆಯ ದಿನ ನೋಡಿ. ಆರೋಪ ಏನೆಂದು ಗುರುತಿಸಿ: ಕೇಸು ಇತ್ತು ಎಂದೋ, ಮುಚ್ಚಿಟ್ಟಿರಿ ಎಂದೋ? ನೀವು ಫಾರ್ಮಿನಲ್ಲಿ ಬರೆದಿದ್ದರೆ ಇಟ್ಟುಕೊಂಡ ಪ್ರತಿಯ ಆ ಪುಟವನ್ನೇ ಉತ್ತರದ ಜೊತೆ ಲಗತ್ತಿಸಿ. ವೆರಿಫಿಕೇಶನ್ ವರದಿಯಲ್ಲಿ ಬೇರೆಯವರ ಕೇಸು ನಿಮ್ಮ ಹೆಸರಿಗೆ ಸೇರಿಕೊಂಡಿದ್ದರೆ, ಒಂದೇ ಹೆಸರಿನವರಲ್ಲಿ ಇದು ಆಗಬಹುದು, ಎಫ್‌ಐಆರ್‌ನಲ್ಲಿರುವ ಆರೋಪಿಯ ತಂದೆಯ ಹೆಸರು, ವಯಸ್ಸು, ವಿಳಾಸವನ್ನು ನಿಮ್ಮದರ ಜೊತೆ ಹೋಲಿಸಿ ತೋರಿಸಿ. ಕೆಲಸ ಕಾಯಂ ಆದ ಮೇಲೆ ನೋಟಿಸ್ ಬಂದಿದ್ದರೆ, ಮುಚ್ಚಿಟ್ಟ ಕಾರಣಕ್ಕೆ ತೆಗೆಯುವ ಮೊದಲು ಇಲಾಖಾ ವಿಚಾರಣೆ ನಡೆಸಬೇಕು ಎಂಬ ನಿಯಮವೂ 2016ರ ತೀರ್ಪಿನಲ್ಲಿದೆ. ಆ ಹಂತದಲ್ಲಿ ಸೇವಾ ವಿಷಯಗಳ ವಕೀಲರನ್ನು ನೋಡಿ, ಉತ್ತರಕ್ಕೆ ಸಹಿ ಹಾಕುವ ಮೊದಲು.